ಹೃದಯದ ಕಾಯಿಲೆ, ಕಿಡ್ನಿಯ ಕೆಲಸ

*ನಮ್ಮ ತಂದೆಗೆ 61 ವರ್ಷ. ಹಾರ್ಟ್ ಫೇಲ್ಯೂರ್ ಇದೆ, ಎಕೋದಲ್ಲಿ ಪಂಪಿಂಗ್ 30% ಅಂತ ಬಂದಿದೆ. ಶುಗರ್ ಇಲ್ಲ. ಆದರೂ ಡಾಕ್ಟರು ಡಾಪಾಗ್ಲಿಫ್ಲೋಜಿನ್ 10 ಎಂ.ಜಿ. ಬರೆದಿದ್ದಾರೆ. ಮೆಡಿಕಲ್ ಶಾಪಿನವರು ‘ಇದು ಶುಗರ್ ಮಾತ್ರೆ, ನಿಮಗ್ಯಾಕೆ?’ ಅಂದರು. ಲೋ ಶುಗರ್ ಆಗಲ್ವಾ? ಹೃದಯಕ್ಕೂ ಇದಕ್ಕೂ ಏನು ಸಂಬಂಧ?*
*– ಓದುಗರೊಬ್ಬರು, ತಿಪಟೂರು*

ಅಂಗಡಿಯವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಈ ಮಾತ್ರೆ ಮಾರುಕಟ್ಟೆಗೆ ಬಂದಿದ್ದೇ ಶುಗರ್‌ಗೆ ಅಂತ. ಆದರೆ ಮಾತ್ರೆ ನುಂಗುವ ಮೊದಲು ‘ಯಾಕೆ’ ಅಂತ ಕೇಳಿದಿರಲ್ಲ, ಅದು ಒಳ್ಳೆಯದಾಯಿತು. ನೀವು ಕೇಳಿದ್ದು ಹೃದಯದ ಬಗ್ಗೆ, ನಾನು ಕಿಡ್ನಿಯಿಂದ ಶುರು ಮಾಡುತ್ತೇನೆ. ಬೇಜಾರು ಮಾಡ್ಕೋಬೇಡಿ. ಹೃದಯದ ಕಾಯಿಲೆಯ ಅರ್ಧ ಕಥೆ ಕಿಡ್ನಿಯಲ್ಲಿ ನಡೆಯುತ್ತದೆ, ಅದನ್ನು ಯಾರೂ ಹೇಳುವುದಿಲ್ಲ ಅನ್ನೋದು ನನ್ನ ಹಳೆಯ ತಕರಾರು.

ನಮ್ಮ ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ನೀರು ಸೋಸುತ್ತವೆ. ಅದರ ಜೊತೆ ಸುಮಾರು 180 ಗ್ರಾಂ ಸಕ್ಕರೆಯೂ ಸೋರುತ್ತದೆ. ಶುಗರ್ ಇಲ್ಲದವರಲ್ಲೂ ಅಷ್ಟೇ. ಅದನ್ನು ವಾಪಸ್ ಎಳೆದುಕೊಳ್ಳಲು ಕಿಡ್ನಿಯ ಸಣ್ಣ ನಾಳಗಳಲ್ಲಿ ಎಸ್‌ಜಿಎಲ್‌ಟಿ-2 ಎಂಬ ಪ್ರೋಟೀನ್ ಇದೆ. ಅದು ಸಕ್ಕರೆಯನ್ನು ಒಂಟಿಯಾಗಿ ಎಳೆಯುವುದಿಲ್ಲ, ಜೊತೆಗೆ ಸೋಡಿಯಂ ಅನ್ನೂ ಎಳೆಯುತ್ತದೆ. ನಿಮ್ಮ ತಂದೆಯವರ ಮಾತ್ರೆ ಈ ಪ್ರೋಟೀನನ್ನು ತಡೆಯುತ್ತದೆ. ಆಗ ಸಕ್ಕರೆಯ ಜೊತೆ ಉಪ್ಪೂ ಮೂತ್ರದಲ್ಲಿ ಹೋಗುತ್ತದೆ.

ಹಾಗಾದರೆ ಲೋ ಶುಗರ್ ಯಾಕಾಗಲ್ಲ? ರಕ್ತದಲ್ಲಿ ಸಕ್ಕರೆ ಕಡಿಮೆಯಾದಷ್ಟೂ ಸೋರುವುದೂ ಕಡಿಮೆ. ಮುಂದೆ ಅದೇ ನಾಳದಲ್ಲಿ ಎಸ್‌ಜಿಎಲ್‌ಟಿ-1 ಎಂಬ ಇನ್ನೊಂದು ಪ್ರೋಟೀನ್ ಕಾದು ಕೂತಿದ್ದು, ತಪ್ಪಿಸಿಕೊಂಡ ಸಕ್ಕರೆಯಲ್ಲಿ ಬಹುಪಾಲನ್ನು ಹಿಡಿಯುತ್ತದೆ. ಉಳಿದ ಕೊರತೆಯನ್ನು ಲಿವರ್ ತುಂಬುತ್ತದೆ. ಇನ್ಸುಲಿನ್‌ನ ಹಾಗೆ ಇದು ಸಕ್ಕರೆಯನ್ನು ಎಳೆದು ಕೆಳಗೆ ಹಾಕುವ ಔಷಧ ಅಲ್ಲ.

2019ರಲ್ಲಿ ಬಂದ ಡಾಪಾ-ಎಚ್‌ಎಫ್ ಎಂಬ ಪ್ರಯೋಗ ನೋಡಿ. ಪಂಪಿಂಗ್ 40% ಅಥವಾ ಅದಕ್ಕಿಂತ ಕಡಿಮೆ ಇದ್ದ 4,744 ಜನ. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿಗೆ ಶುಗರ್ ಇರಲಿಲ್ಲ. ಸುಮಾರು ಒಂದೂವರೆ ವರ್ಷದಲ್ಲಿ, ಡಮ್ಮಿ ಮಾತ್ರೆ ತಿಂದವರ ಪೈಕಿ ನೂರಕ್ಕೆ 21 ಜನರ ಹಾರ್ಟ್ ಫೇಲ್ಯೂರ್ ಹದಗೆಟ್ಟಿತು ಅಥವಾ ಅವರು ಹೃದಯ, ರಕ್ತನಾಳದ ಕಾರಣಕ್ಕೆ ತೀರಿಕೊಂಡರು. ಈ ಮಾತ್ರೆ ತಿಂದವರಲ್ಲಿ ಅದು 16. ಶುಗರ್ ಇಲ್ಲದವರಿಗೂ ಲಾಭ ಅಷ್ಟೇ ಸಿಕ್ಕಿತು. ಸಕ್ಕರೆ ಇಳಿಸಿದ್ದರಿಂದ ಬಂದ ಲಾಭವಾಗಿದ್ದರೆ ಅವರಿಗೆ ಸಿಗಬಾರದಿತ್ತು ಅಲ್ವಾ?

ಈ ಔಷಧ ನೇರವಾಗಿ ಹೃದಯದ ಸ್ನಾಯುವಿನ ಮೇಲೇ ಕೆಲಸ ಮಾಡುತ್ತದೆ, ಹೃದಯಕ್ಕೆ ಬೇರೆ ಇಂಧನ ಒದಗಿಸುತ್ತದೆ ಎನ್ನುವವರಿದ್ದಾರೆ. ಇರಬಹುದು, ತಳ್ಳಿಹಾಕಲ್ಲ. ಆದರೆ ಹೃದಯದ ಸ್ನಾಯುವಿನಲ್ಲಿ ಎಸ್‌ಜಿಎಲ್‌ಟಿ-2 ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದು ತುಂಬಿ ತುಳುಕುವುದು ಕಿಡ್ನಿಯಲ್ಲಿ. ನನ್ನ ಓಟು ಕಿಡ್ನಿಗೇ.

ಯಾಕೆ ಅಂದರೆ, ಪಂಪ್ ಸೋತಾಗ ಕಿಡ್ನಿಗೆ ರಕ್ತ ಸರಿಯಾಗಿ ತಲುಪುವುದಿಲ್ಲ. ಮೈಯಲ್ಲಿ ನೀರಿಲ್ಲ ಅಂದುಕೊಂಡು ಅದು ಉಪ್ಪು, ನೀರು ಹಿಡಿದಿಡುತ್ತದೆ. ಕಾಲು ಊದುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ. ಲೇಸಿಕ್ಸ್‌ನಂಥ ಮಾತ್ರೆ ನೀರನ್ನು ಬಿರುಸಾಗಿ ಹೊರಹಾಕುತ್ತದೆ, ಆದರೆ ಉಪ್ಪು ಹಿಡಿದಿಡುವ ಹಾರ್ಮೋನುಗಳನ್ನೂ ಕೆಣಕುತ್ತದೆ. ಡಾಪಾಗ್ಲಿಫ್ಲೋಜಿನ್ ಮೆಲ್ಲಗೆ ಕೆಲಸ ಮಾಡುತ್ತದೆ. ರಕ್ತದಲ್ಲಿರುವ ನೀರಿಗಿಂತ ಅಂಗಾಂಶಗಳ ನಡುವೆ ನಿಂತ ನೀರನ್ನೇ ಇದು ಹೆಚ್ಚಾಗಿ ಎಳೆಯುತ್ತದೆ ಎಂದು ಸಂಶೋಧಕರ ಒಂದು ಲೆಕ್ಕಾಚಾರ ಹೇಳುತ್ತದೆ.

ಇನ್ನೊಂದು ಕೆಲಸವೂ ಇದೆ. ನಾಳದಲ್ಲಿ ಮುಂದೆ ಹೋದ ಸೋಡಿಯಂ ಅನ್ನು ಕಿಡ್ನಿಯ ಒಂದು ಕಾವಲು ಜಾಗ ಗುರುತಿಸುತ್ತದೆ. ಗುರುತಿಸಿದ ಕೂಡಲೇ ಸೋಸುವ ಜಾಲರಿಗೆ ರಕ್ತ ತರುವ ನಾಳವನ್ನು ಸ್ವಲ್ಪ ಬಿಗಿ ಮಾಡುತ್ತದೆ. ಜಾಲರಿಯ ಮೇಲಿನ ಒತ್ತಡ ಇಳಿಯುತ್ತದೆ, ಕಿಡ್ನಿ ಬೇಗ ಸವೆಯುವುದಿಲ್ಲ. ಆದರೆ ಮೊದಲ ಕೆಲವು ವಾರ, ಕಿಡ್ನಿ ಸೋಸಿ ಹೊರಹಾಕುವ ಕ್ರಿಯಾಟಿನಿನ್ ಎಂಬ ಕಸ ರಕ್ತದಲ್ಲಿ ತುಸು ಏರುತ್ತದೆ.

ಇಲ್ಲೇ ಎಡವಟ್ಟಾಗೋದು. ನನಗೆ ಪರಿಚಯದ ಒಬ್ಬ ನಿವೃತ್ತ ಮೇಷ್ಟ್ರಿಗೆ ಕ್ರಿಯಾಟಿನಿನ್ 1.2 ಇದ್ದದ್ದು 1.4 ಆಯಿತು. ರಿಪೋರ್ಟ್ ನೋಡಿದ ಯಾರೋ ‘ಕಿಡ್ನಿ ಹೋಗ್ತಿದೆ’ ಅಂದರು. ಮೇಷ್ಟ್ರು ಮಾತ್ರೆ ಬಿಟ್ಟರು. ಸ್ವಲ್ಪ ದಿನಕ್ಕೆ ಪಾದದ ಮೇಲೆ ಒತ್ತಿದರೆ ಬೆರಳಿನ ಗುಳಿ ಬೀಳುವಷ್ಟು ಊತ, ಮತ್ತೆ ಆಸ್ಪತ್ರೆ. ಅಷ್ಟು ಏರಿಕೆಗೆ ಮಾತ್ರೆ ನಿಲ್ಲಿಸುವುದಲ್ಲ, ಮತ್ತೊಮ್ಮೆ ಪರೀಕ್ಷೆ ಮಾಡಿಸುವುದು. ಏರುತ್ತಲೇ ಹೋದರೆ ಮಾತ್ರ ಬೇರೆ ಕಾರಣ ಹುಡುಕಬೇಕು.

ನಿಮ್ಮ ತಂದೆ ಲೇಸಿಕ್ಸ್ ಕೂಡ ತಗೊಳ್ತಿದ್ದು, ಎದ್ದು ನಿಂತಾಗ ತಲೆ ಸುತ್ತಿದರೆ ಡಾಕ್ಟರಿಗೆ ಹೇಳಿ. ಅದರ ಡೋಸ್ ಇಳಿಸಬೇಕಾಗಬಹುದು. ಮೂತ್ರದ ಜಾಗದಲ್ಲಿ ತುರಿಕೆ ಬಂದರೆ ನಾಚಿಕೊಳ್ಳದೆ ಹೇಳಲಿ, ಅದು ಫಂಗಸ್, ಸುಲಭವಾಗಿ ವಾಸಿಯಾಗುತ್ತದೆ. ವಾಂತಿ, ಭೇದಿಯಾಗಿ ಊಟ ಸೇರದಿದ್ದರೆ, ಉಪವಾಸ ಅಥವಾ ಆಪರೇಷನ್ ಇದ್ದರೆ, ಕೆಲವು ದಿನ ನಿಲ್ಲಿಸಬೇಕಾ ಅಂತ ಮೊದಲೇ ಕೇಳಿಕೊಳ್ಳಿ.

ಇದನ್ನೆಲ್ಲ ಮಾತ್ರೆ ಬರೆದವರೇ ಎರಡು ನಿಮಿಷ ಕೂತು ಹೇಳಬಹುದಿತ್ತು. ಎಕೋ ರಿಪೋರ್ಟನ್ನು ಬಣ್ಣದಲ್ಲಿ ಪ್ರಿಂಟ್ ಹಾಕಿ ಕೊಡುತ್ತಾರೆ, ಬಾಯಿಬಿಟ್ಟು ಮಾತಾಡಲು ಪುರುಸೊತ್ತಿಲ್ಲ. ಅದಕ್ಕೇ ನಿಮಗೆ ಅಂಗಡಿಯವರ ಮಾತೇ ಗತಿಯಾಗಿದ್ದು.

– ಸಂ.