ಮೊದಲು ಗೆಳತಿಗೆ ಫೋನ್, ಆಮೇಲೆ ಪೋಸ್ಟ್

*ಮೇಡಂ, ನಮ್ಮೂರು ತೀರ್ಥಹಳ್ಳಿ ಹತ್ತಿರ. ಹತ್ತು ತಿಂಗಳು ಹುಡುಕಿದ ಮೇಲೆ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ ಸಿಕ್ಕಿದೆ. ಸೋಮವಾರ ಸೇರಬೇಕು. ಕಾಲೇಜಿನ ಸೀನಿಯರ್ ಒಬ್ಬರು ಎರಡು ಭಾನುವಾರ ಫೋನಿನಲ್ಲೇ ಇಂಟರ್‌ವ್ಯೂ ಅಭ್ಯಾಸ ಮಾಡಿಸಿದ್ದರು. ಮನೆಯಲ್ಲಿ ನೆಟ್‌ವರ್ಕ್ ಇಲ್ಲದ್ದಕ್ಕೆ ಶಿವಮೊಗ್ಗದ ಅತ್ತೆ ಮನೆಯಲ್ಲಿ ಕೂತು ಇಂಟರ್‌ವ್ಯೂ ಕೊಟ್ಟೆ. ಲಿಂಕ್ಡ್‌ಇನ್‌ನಲ್ಲಿ ಹಾಕಿದರೆ ಜಂಬ ಅನ್ನಿಸುತ್ತೆ, ಹಾಕದಿದ್ದರೆ ಇವರನ್ನೆಲ್ಲ ಮರೆತ ಹಾಗೆ. ನನ್ನ ಜೊತೆ ಓದಿದ ಗೆಳತಿಗೆ ಇನ್ನೂ ಕೆಲಸ ಸಿಕ್ಕಿಲ್ಲ. 'ನನ್ನ ಛಲ, ಪರಿಶ್ರಮಕ್ಕೆ ಕೊನೆಗೂ ಫಲ ಸಿಕ್ಕಿತು' ಅಂತ ಬರೆದು ಅಳಿಸಿದೆ.*

ಅಳಿಸಿದ್ದು ಒಳ್ಳೆಯದಾಯಿತು. ಆದರೆ ಪೋಸ್ಟ್ ಹಾಕಿ. ಇವತ್ತೇ ಬೇಡ, ಸೋಮವಾರ ಕೆಲಸಕ್ಕೆ ಸೇರಿದ ಮೇಲೆ. ಕೈಯಲ್ಲಿ ಆಫರ್ ಲೆಟರ್ ಇದ್ದರೂ ಸೇರುವ ದಿನ ಮುಂದೆ ಹೋಗುವುದುಂಟು.

ಅಷ್ಟರೊಳಗೆ ಗೆಳತಿಗೆ ನೀವೇ ಫೋನ್ ಮಾಡಿ ಹೇಳಿ. ಇಲ್ಲೊಂದು ಎಚ್ಚರ ಬೇಕು. ಪ್ರೊಫೈಲ್‌ನಲ್ಲಿ ಹೊಸ ಕೆಲಸ ಸೇರಿಸುವಾಗ Notify network ಅನ್ನುವ ಸ್ವಿಚ್ ಕಾಣುತ್ತದೆ. ಅದು ಆನ್ ಇದ್ದರೆ ನೀವು ಒಂದಕ್ಷರ ಬರೆಯುವ ಮೊದಲೇ ಸುದ್ದಿ ಪರಿಚಯದವರಿಗೆಲ್ಲ ಹೋಗಬಹುದು. ಗೆಳತಿಗೆ ವಿಷಯ ಹಾಗೆ ಗೊತ್ತಾಗಬಾರದು ಅಲ್ವಾ? ಆಫ್ ಮಾಡಿ ಸೇವ್ ಮಾಡಿ.

ಇನ್ನು ಬರವಣಿಗೆ. ಫೀಡ್‌ನಲ್ಲಿ ಪೋಸ್ಟಿನ ಮೊದಲ ಎರಡು ಮೂರು ಸಾಲು ಮಾತ್ರ ಕಾಣುತ್ತದೆ. ಉಳಿದದ್ದನ್ನು ಓದಲು ಒತ್ತಿ ತೆರೆಯಬೇಕು. ಛಲ, ಪರಿಶ್ರಮ ಮೇಲಿದ್ದು ಥ್ಯಾಂಕ್ಸ್ ಕೆಳಗಿದ್ದರೆ ತುಂಬಾ ಜನರಿಗೆ ಛಲವಷ್ಟೇ ಕಾಣುವುದು. ಸುದ್ದಿ ಒಂದು ಸಾಲು ಸಾಕು. ಅದರ ಬೆನ್ನಿಗೇ, ಯಾರು ಏನು ಮಾಡಿದರು ಅನ್ನುವುದು ಬರಲಿ. 'ನನ್ನನ್ನು ಬೆಂಬಲಿಸಿದ ಎಲ್ಲರಿಗೂ' ಅಂದರೆ ಯಾರಿಗೂ ತಟ್ಟುವುದಿಲ್ಲ. 'ವಿನಮ್ರಳಾಗಿದ್ದೇನೆ' ಅನ್ನುವುದೂ ಬೇಡ. ಅದೂ ನಮ್ಮ ಬಗ್ಗೆ ನಾವೇ ಹೇಳಿಕೊಳ್ಳುವ ಹೊಗಳಿಕೆಯೇ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

'ಈ ಸೋಮವಾರ ಟೆಸ್ಟಿಂಗ್ ಇಂಜಿನಿಯರ್ ಆಗಿ ಕೆಲಸಕ್ಕೆ ಸೇರಿದೆ. ನನ್ನ ಸೀನಿಯರ್ ಎರಡು ಭಾನುವಾರ ಬಿಡುವು ಮಾಡಿಕೊಂಡು, ನಾನು ತಡವರಿಸಿದ ಪ್ರಶ್ನೆಗಳನ್ನೇ ಮತ್ತೆ ಮತ್ತೆ ಕೇಳಿ ತಯಾರು ಮಾಡಿದರು. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಇಂಟರ್‌ವ್ಯೂ ಕೊಟ್ಟದ್ದು ಶಿವಮೊಗ್ಗದ ಅತ್ತೆ ಮನೆಯಲ್ಲಿ. ಹುಡುಕಲು ಹತ್ತು ತಿಂಗಳು ಹಿಡಿಯಿತು. ಟೆಸ್ಟಿಂಗ್ ಕೆಲಸ ಹುಡುಕುತ್ತಿರುವವರಿಗೆ ನನ್ನ ನೋಟ್ಸ್ ಬೇಕಿದ್ದರೆ ಕೇಳಿ, ಕಳಿಸುತ್ತೇನೆ.'

ಹತ್ತು ತಿಂಗಳನ್ನು ಮುಚ್ಚಿಡಬೇಡಿ. ಇನ್ನೂ ಹುಡುಕುತ್ತಿರುವವರ ಮನಸ್ಸಿಗೆ ಹತ್ತಿರವಾಗುವ ಸಾಲು ಅದೇ. ಸಂಬಳ, ಆಫರ್ ಲೆಟರ್, ಐಡಿ ಕಾರ್ಡಿನ ಫೋಟೊ ಹಾಕಬೇಡಿ. ಸೀನಿಯರ್ ಹೆಸರು ಟ್ಯಾಗ್ ಮಾಡುವುದಿದ್ದರೆ ಅವರನ್ನು ಕೇಳಿಯೇ ಮಾಡಿ. ಪೋಸ್ಟ್ ನೋಡಿ 'ನನ್ನನ್ನೂ ರೆಫರ್ ಮಾಡಿ' ಅಂತ ಅವರಿಗೆ ಮೆಸೇಜ್ ಬರಬಹುದು. ಗೆಳತಿಯ ವಿಷಯ ಪೋಸ್ಟಿನಲ್ಲಿ ಬೇಡವೇ ಬೇಡ. ನೋಟ್ಸ್ ಅವಳಿಗೆ ಮೊದಲೇ ಕಳಿಸಿ.

ಅತ್ತೆ ಲಿಂಕ್ಡ್‌ಇನ್ ನೋಡದವರಾದರೆ ಅವರ ಬಗ್ಗೆ ಬರೆದದ್ದನ್ನು ಫೋನಿನಲ್ಲಿ ಓದಿ ಹೇಳಿ.