‘ಏನೇ ಬೇಕಿದ್ರೂ ಹೇಳು’ ಅಂದರೆ ಅವನು ಹೇಳುವುದಿಲ್ಲ

ಪ್ರಶ್ನೆ: ಹಿಂದಿನ ಕಂಪನಿಯಲ್ಲಿ ಮೂರು ವರ್ಷ ನನ್ನ ಜೊತೆ ಒಂದೇ ಟೀಮಿನಲ್ಲಿದ್ದ ಶಿರಸಿ ಕಡೆಯ ಗೆಳೆಯನನ್ನು ಕಳೆದ ವಾರ ಕೆಲಸದಿಂದ ತೆಗೆದರು. 9 ವರ್ಷ ಅಲ್ಲಿ ದುಡಿದವ. ಕೋವಿಡ್ ಸಮಯದಿಂದ ಊರಿನ ಮನೆಯಲ್ಲೇ ಕೂತು ಕೆಲಸ ಮಾಡುತ್ತಿದ್ದ. ಸುದ್ದಿಯನ್ನು ಅವನೇ ಎಲ್ಲರಿಗೂ ತಿಳಿಸಿದ್ದಾನೆ. ‘ಅಯ್ಯೋ’, ‘ಬೇಜಾರಾಯ್ತು’, ‘ದೇವರಿದ್ದಾನೆ’ ಎಂದು ಎಲ್ಲರೂ ಬರೆದಿದ್ದಾರೆ. ನಾನು ಈಗ ಬೆಂಗಳೂರಿನ ಬೇರೆ ಕಂಪನಿಯಲ್ಲಿದ್ದೇನೆ. ಮೂರು ಸಲ ಬರೆದು ಅಳಿಸಿದೆ. ಏನು ಬರೆದರೆ ಅವನಿಗೆ ಉಪಯೋಗವಾದೀತು?
– ಕುಮಟಾ ಮೂಲದ ಓದುಗ

ಉತ್ತರ: ಅಳಿಸಿದ್ದೇ ಒಳ್ಳೆಯದಾಯಿತು. ನಾನು ಹದಿನೆಂಟು ವರ್ಷ ಎಚ್‌ಆರ್ ವಿಭಾಗದಲ್ಲಿದ್ದವಳು. ಜನರನ್ನು ಒಬ್ಬೊಬ್ಬರಾಗಿ ಕೋಣೆಗೆ ಕರೆದು ‘ನಾಳೆಯಿಂದ ಬರುವುದು ಬೇಡ’ ಎಂದು ಹೇಳುವ ಕೆಲಸ ಎರಡು ಸಲ ನನ್ನ ಪಾಲಿಗೆ ಬಂದಿತ್ತು. ಮೂರನೆಯ ಸಲ ಪಟ್ಟಿಯಲ್ಲಿ ನನ್ನ ಹೆಸರೇ ಇತ್ತು. ಆಗ ಬಂದ ಸಂದೇಶಗಳಲ್ಲಿ ಹೆಚ್ಚಿನವು ‘ಏನೇ ಬೇಕಿದ್ರೂ ಹೇಳಿ ಮೇಡಂ’ ಎಂಬಂಥವೇ. ಬರೆದವರೆಲ್ಲ ಒಳ್ಳೆಯವರೇ. ಆದರೆ ನಾನು ಒಬ್ಬರಿಗೂ ಏನೂ ಹೇಳಲಿಲ್ಲ. ಹೇಳಬೇಕಾದರೆ ನನಗೆ ಬೇಕಾದದ್ದೇನೆಂದು ನಾನೇ ಯೋಚಿಸಬೇಕು, ಅದು ಇವರ ಕೈಲಾಗುತ್ತದೋ ಇಲ್ಲವೋ ಎಂದು ಊಹಿಸಬೇಕು, ಆಮೇಲೆ ಬಾಯಿಬಿಟ್ಟು ಕೇಳಬೇಕು. ಕೆಲಸ ಕಳೆದುಕೊಂಡ ವಾರದಲ್ಲಿ ಈ ಮೂರೂ ಆಗದ ಮಾತು. ನೆರವು ಕೊಡುತ್ತೇನೆಂದವರು ಕೇಳುವ ಭಾರವನ್ನು ನನ್ನ ತಲೆಗೇ ಹೊರಿಸಿದ್ದರು.

ನನಗೆ ಉಪಯೋಗಕ್ಕೆ ಬಂದದ್ದು ಹಿಂದೆ ನನ್ನ ಕೈಕೆಳಗೆ ಇದ್ದ ಹುಡುಗಿಯೊಬ್ಬಳ ಎರಡೇ ಸಾಲು. ತನ್ನ ಕಂಪನಿಯಲ್ಲಿ ಒಂದು ಹುದ್ದೆ ಖಾಲಿ ಇದೆ, ಬೇಕೆನಿಸಿದರೆ ಗುರುವಾರದೊಳಗೆ ರೆಸ್ಯೂಮೆ ಕಳಿಸಿ, ಬೇಡವಾದರೆ ಉತ್ತರಿಸುವುದೂ ಬೇಡ ಎಂದಿದ್ದಳು. ಆ ಕೆಲಸ ನನಗೆ ಸಿಗಲಿಲ್ಲ. ಆದರೆ ಆ ವಾರ ನನ್ನನ್ನು ಕೆಲಸ ಗೊತ್ತಿರುವವಳು ಎಂದು ಕಂಡು ಮಾತಾಡಿಸಿದವಳು ಅವಳೊಬ್ಬಳೇ.

ಈಗ ನಿಮ್ಮ ಗೆಳೆಯನ ವಿಷಯ. ನೀವು ಬರೆಯಬೇಕಾದದ್ದು ಎರಡು ಕಡೆ. ಎಲ್ಲರೂ ಓದುವ ಕಡೆ ಒಂದು, ಅವನೊಬ್ಬನಿಗೇ ಇನ್ನೊಂದು.

ಎಲ್ಲರೆದುರು ನೀವು ಮಾಡಬಹುದಾದ ದೊಡ್ಡ ಕೆಲಸ ಸಾಕ್ಷಿ ಹೇಳುವುದು. ಆ ಸುದ್ದಿಯನ್ನು ಗೆಳೆಯರು ಮಾತ್ರ ಓದುವುದಿಲ್ಲ. ಜನ ಹುಡುಕುತ್ತಿರುವ ಮ್ಯಾನೇಜರೂ ಓದುತ್ತಾನೆ. ‘ತುಂಬಾ ಒಳ್ಳೆ ಹುಡುಗ, ಹಾರ್ಡ್ ವರ್ಕರ್’ ಎಂದರೆ ಅವನಿಗೆ ಏನೂ ತಿಳಿಯುವುದಿಲ್ಲ. ಮೂರು ವರ್ಷ ಜೊತೆಗಿದ್ದಿರಲ್ಲ, ನೀವೇ ಕಣ್ಣಾರೆ ಕಂಡ ಒಂದು ಪ್ರಸಂಗ ಹೇಳಿ. ಯಾವ ಕೆಲಸ, ಏನು ಕೆಟ್ಟಿತ್ತು, ಅವನು ಏನು ಮಾಡಿದ. ಗ್ರಾಹಕ ಕಂಪನಿಯ ಹೆಸರಾಗಲಿ ಒಳಗಿನ ಲೆಕ್ಕವಾಗಲಿ ಬರುವುದು ಬೇಡ.

ಅಲ್ಲಿ ಬರೆಯಬಾರದ್ದು ಅವನ ಹಳೆಯ ಕಂಪನಿಗೆ ಬೈಗುಳ. ‘9 ವರ್ಷ ದುಡಿಸ್ಕೊಂಡು ಹೀಗೆ ಮಾಡಿದ್ರಲ್ಲ, ನಾಚಿಕೆಗೆಟ್ಟವರು’ ಎಂದು ಬರೆದವರಿಗೆ ಸಿಟ್ಟು ಇಳಿಯುತ್ತದೆ, ಇಕ್ಕಟ್ಟು ಅವನಿಗೆ. ಬಾಕಿ ಸಂಬಳ, ಪರಿಹಾರದ ಹಣ, ಅನುಭವ ಪತ್ರ ಇವೆಲ್ಲ ಇನ್ನೂ ಆ ಕಂಪನಿಯಿಂದ ಬರಬೇಕಾಗಿರಬಹುದು. ಕಂಪನಿಯ ಬಗ್ಗೆ ಕೆಟ್ಟದ್ದಾಡುವುದಿಲ್ಲ ಎಂಬ ಷರತ್ತಿನ ಕಾಗದಕ್ಕೆ ಸಹಿ ಹಾಕಿದ ಮೇಲೇ ಪರಿಹಾರ ಕೊಡುವ ಕಂಪನಿಗಳೂ ಇವೆ. ನಾನೇ ಅಂಥ ಕಾಗದ ಮುಂದಿಟ್ಟು ಸಹಿ ಹಾಕಿಸಿದ್ದೇನೆ. ನೀವು ಬೈದದ್ದಕ್ಕೆ ಅವನು ಒಂದು ಹೆಬ್ಬೆರಳು ಒತ್ತಿದರೂ ಕಷ್ಟ, ಒತ್ತದಿದ್ದರೆ ನಿಮಗೆ ಬೇಸರ.

ಹಾಗೆಯೇ, ಶಿರಸಿಯವರಿಗೆಂದೇ ಕಾದಿರಿಸಿದ ಸಾಂತ್ವನವೊಂದಿದೆ: ‘ನಿಂಗೆಂತ ಚಿಂತೆ ಮಾರಾಯಾ, ಅಡಿಕೆ ತೋಟ ಇದ್ದಲಾ!’ ತೋಟ ಎಷ್ಟು ಗುಂಟೆ, ಈ ವರ್ಷ ಕೊಳೆರೋಗ ಎಷ್ಟು ಕಾಯಿ ಉದುರಿಸಿತು, ಅಣ್ಣತಮ್ಮಂದಿರಲ್ಲಿ ಪಾಲಾಗಿದೆಯೋ ಇಲ್ಲವೋ ಹೇಳಿದವರಿಗೆ ಗೊತ್ತಿರುವುದಿಲ್ಲ. ಅದಿರಲಿ, ಒಂಬತ್ತು ವರ್ಷ ಒಂದು ಕಸುಬು ಮಾಡಿದವನಿಗೆ ಆ ಕಸುಬೇನೂ ಬೇಕಾಗಿರಲಿಲ್ಲ ಎಂದಂತಾಗುತ್ತದೆ ಆ ಮಾತು.

ಇನ್ನು ಅವನಿಗೆ ಒಬ್ಬನಿಗೇ ಬರೆಯುವುದು. ನಿಮ್ಮ ಕೈಯಲ್ಲಿ ನಿಜಕ್ಕೂ ಇರುವುದು ನಿಮ್ಮ ಕಂಪನಿಯ ರೆಫರಲ್. ಅದನ್ನೇ ಸರಿಯಾಗಿ ಮಾಡಿ. ಬರೆಯುವ ಮೊದಲು ಕಂಪನಿಯ ಒಳಗಿನ ಪಟ್ಟಿಯಲ್ಲಿ ಅವನಿಗೆ ಹೊಂದುವ ಹುದ್ದೆ ಇದೆಯೇ ನೋಡಿ. ಇದ್ದರೆ ಅದರ ಜಾಬ್ ಐಡಿ ಬರೆದಿಟ್ಟುಕೊಳ್ಳಿ, ಊರಿನಿಂದ ಕೆಲಸ ಮಾಡಲು ಬಿಡುತ್ತಾರೋ, ವಾರದಲ್ಲಿ ಮೂರು ದಿನ ಆಫೀಸಿಗೆ ಬರಬೇಕೋ ಕೇಳಿಕೊಳ್ಳಿ. ಮನೆಯಲ್ಲಿ ವಯಸ್ಸಾದ ಅಪ್ಪ–ಆಯಿ ಇದ್ದಾರೆಂದೇ ಅವನು ಊರಲ್ಲಿ ಉಳಿದಿದ್ದರೆ, ಮೂರು ದಿನದ ಷರತ್ತನ್ನು ಮೊದಲೇ ಹೇಳದೆ ಎರಡು ಸುತ್ತಿನ ಇಂಟರ್‌ವ್ಯೂ ಆದ ಮೇಲೆ ಹೇಳಿದರೆ ಅವನ ಹದಿನೈದು ದಿನ ಹಾಳು.

ಹೊಂದುವ ಹುದ್ದೆ ಇಲ್ಲದಿದ್ದರೆ ರೆಫರಲ್ ಮಾತು ಎತ್ತಲೇಬೇಡಿ. ‘ರೆಸ್ಯೂಮೆ ಕಳಿಸು, ನೋಡೋಣ’ ಎಂಬುದು ಸೌಜನ್ಯದಂತೆ ಕೇಳಿಸುತ್ತದೆ, ಆದರೆ ಅವನು ಪ್ರತಿದಿನ ಫೋನ್ ನೋಡುತ್ತಾ ಕಾಯುತ್ತಾನೆ.

ಹುದ್ದೆ ಇದೆ ಎಂದಿಟ್ಟುಕೊಳ್ಳೋಣ. ಆಗ ಹೀಗೆ ಬರೆಯಬಹುದು:

‘ಸುದ್ದಿ ನೋಡಿದೆ. ಬಿಲ್ಲಿಂಗ್ ಪ್ರಾಜೆಕ್ಟ್ ಹೊತ್ತಿಗೆ ಮೂರು ದಿನದಿಂದ ಯಾರಿಗೂ ಸಿಗದಿದ್ದ ತಪ್ಪನ್ನು ಹುಡುಕಿಕೊಟ್ಟವ ನೀನು, ನನಗೆ ಚೆನ್ನಾಗಿ ನೆನಪಿದೆ. ನಮ್ಮಲ್ಲಿ ಟೆಸ್ಟಿಂಗ್‌ಗೆ ಎರಡು ಹುದ್ದೆ ಖಾಲಿ ಇವೆ, ವಿವರ ಕೆಳಗೆ ಹಾಕಿದ್ದೇನೆ. ಒಂದಕ್ಕೆ ಊರಿಂದಲೇ ಕೆಲಸ ಮಾಡಬಹುದು, ಇನ್ನೊಂದಕ್ಕೆ ವಾರಕ್ಕೆ ಮೂರು ದಿನ ಬೆಂಗಳೂರು. ಆಯ್ಕೆ ನನ್ನ ಕೈಲಿಲ್ಲ, ರೆಫರ್ ಮಾಡುವುದಷ್ಟೇ ನನ್ನಿಂದಾಗುವುದು. ಬೇಕೆನಿಸಿದರೆ ರೆಸ್ಯೂಮೆ ಪಿಡಿಎಫ್ ಕಳಿಸು, ಬಂದ ಮರುದಿನ ಹಾಕುತ್ತೇನೆ. ಅಲ್ಲಿಯವರೆಗೆ ನೀನೇ ನೇರವಾಗಿ ಅರ್ಜಿ ಹಾಕಬೇಡ. ಬೇರೆ ಯೋಚನೆ ಇದ್ದರೆ ಇದಕ್ಕೆ ಉತ್ತರಿಸಬೇಕೆಂದೂ ಇಲ್ಲ.’

‘ನೇರವಾಗಿ ಅರ್ಜಿ ಹಾಕಬೇಡ’ ಎಂಬ ಸಾಲು ಸಣ್ಣದು, ತಪ್ಪುವುದು ಮಾತ್ರ ಅಲ್ಲೇ. ಅಭ್ಯರ್ಥಿಯ ಹೆಸರು ಮೊದಲೇ ಕಂಪನಿಯ ದಾಖಲೆಯಲ್ಲಿದ್ದರೆ ಆಮೇಲೆ ಬಂದ ರೆಫರಲನ್ನು ಎಷ್ಟೋ ಕಂಪನಿಗಳು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಕೆಲವು ಕಡೆ ಹಲವು ತಿಂಗಳವರೆಗೂ ಇಲ್ಲ. ನಿಮ್ಮಲ್ಲಿ ನಿಯಮ ಹೇಗಿದೆ ಎಂದು ಎಚ್‌ಆರ್‌ನವರನ್ನು ಕೇಳಿಯೇ ಆ ಸಾಲು ಬರೆಯಿರಿ. ಬರೆದ ಮೇಲೆ ಮಾತ್ರ ನೀವು ತಡ ಮಾಡುವಂತಿಲ್ಲ. ನೀವು ವಾರಗಟ್ಟಲೆ ಮರೆತು ಕೂತರೆ ಅವನ ದಾರಿಗೆ ನೀವೇ ಬೇಲಿ ಹಾಕಿದಂತೆ.

ರೆಫರ್ ಮಾಡುವಾಗ ‘ಇವರನ್ನು ಹೇಗೆ ಬಲ್ಲಿರಿ’ ಎಂದು ಸಾಮಾನ್ಯವಾಗಿ ಒಂದು ಚೌಕ ಇರುತ್ತದೆ. ಹೆಚ್ಚಿನವರು ‘ಸ್ನೇಹಿತ’ ಎಂದಷ್ಟೇ ಬರೆದು ಒತ್ತಿಬಿಡುತ್ತಾರೆ. ಅದನ್ನು ಓದುವ ಕುರ್ಚಿಯಲ್ಲಿ ನಾನು ಕೂತಿದ್ದೆ. ಅಂಥವನ್ನು ಸಂಬಂಧಿಕರ ಶಿಫಾರಸಿನ ಜೊತೆಗೇ ಇಡುತ್ತಿದ್ದೆವು. ‘ಮೂರು ವರ್ಷ ಒಂದೇ ಟೀಮಿನಲ್ಲಿದ್ದೆವು, ಇಂಥ ಕೆಲಸ ಮಾಡಿದ್ದನ್ನು ನೋಡಿದ್ದೇನೆ’ ಎಂದು ಎರಡು ಸಾಲು ಇದ್ದರೆ ರೆಸ್ಯೂಮೆ ತೆರೆದು ಓದುತ್ತಿದ್ದೆವು. ರೆಫರಲ್‌ನಿಂದ ಸಿಗುವುದು ಅಷ್ಟೇ, ತೆರೆದು ಓದುವುದು. ಮುಂದಿನದು ಅವನದೇ ಕೆಲಸ. ಅಂದಹಾಗೆ, ಅವನಿಗೆ ಕೆಲಸ ಸಿಕ್ಕಿದರೆ ನಿಮಗೆ ರೆಫರಲ್ ಬೋನಸ್ ಬರುವುದಾದರೆ ಮೊದಲೇ ಹೇಳಿಬಿಡಿ. ಆಮೇಲೆ ಬೇರೆಯವರ ಬಾಯಿಂದ ತಿಳಿದರೆ ಗೆಳೆತನಕ್ಕೆ ಹುಳಿ ಹಿಂಡಿದಂತೆ.

ಫಲಿತಾಂಶ ಬಂದ ದಿನವೇ ತಿಳಿಸಿ, ‘ಆಗಲಿಲ್ಲ’ ಎಂಬುದಾದರೂ. ಎಷ್ಟೋ ಜನ ರೆಫರ್ ಮಾಡಿ, ಆಗದೇ ಹೋದಾಗ ಮುಜುಗರದಿಂದ ಮಾತೇ ನಿಲ್ಲಿಸಿಬಿಡುತ್ತಾರೆ. ಕೆಲಸ ಕಳೆದುಕೊಂಡವನು ಆ ಮೌನವನ್ನು ಬೇರೆಯೇ ರೀತಿ ಓದಿಕೊಳ್ಳುತ್ತಾನೆ.

ನೆರವನ್ನು ಅವನು ಇರುವ ಜಾಗದಿಂದ ಅಳೆಯಬೇಕು, ನೀವು ಇರುವ ಜಾಗದಿಂದಲ್ಲ. ನಿಮ್ಮೂರಿನವರೇ ಒಬ್ಬರು ಹಿಂದೊಮ್ಮೆ ಇಂಥದ್ದೇ ಸಂದರ್ಭದಲ್ಲಿ ‘ಇಂಟರ್‌ವ್ಯೂ ದಿನ ಕುಮಟಾದ ನಮ್ಮನೆಗೆ ಬಾ, ನೆಟ್ ಚೆನ್ನಾಗಿದೆ’ ಎಂದು ಆಷಾಢದಲ್ಲಿ ಕರೆದಿದ್ದರು. ಸುಮಾರು 60 ಕಿಲೋಮೀಟರು, ಆ ಮಳೆಯಲ್ಲಿ ದೇವಿಮನೆ ಘಟ್ಟ ಇಳಿದು ಬರಬೇಕು, ಗುಡ್ಡ ಕುಸಿದರೆ ಅದೂ ಇಲ್ಲ. ಪ್ರೀತಿಯಿಂದಲೇ ಕರೆದರು, ಪಾಪ. ಆದರೆ ಮಳೆಗಾಲದಲ್ಲಿ ಶಿರಸಿ ಹಳ್ಳಿಗಳಲ್ಲಿ ಕರೆಂಟು, ನೆಟ್ ಎರಡೂ ನಂಬುವಂತಿಲ್ಲ ಎಂಬುದು ನಿಜ. ಹತ್ತು ನಿಮಿಷ ವೀಡಿಯೊ ನಿಂತುಹೋದರೆ ಇಂಟರ್‌ವ್ಯೂ ಅಲ್ಲಿಗೇ ಕೆಟ್ಟಿತು. ಶಿರಸಿ ಪೇಟೆಯಲ್ಲೇ ಇನ್ವರ್ಟರ್ ಇರುವ ಮನೆ, ಬಾಗಿಲು ಹಾಕಿಕೊಂಡು ಕೂರುವ ಕೋಣೆ ನಿಮ್ಮ ನೆಂಟರಲ್ಲಿ ಯಾರಿಗಾದರೂ ಇದ್ದರೆ, ಅವರನ್ನು ಮೊದಲು ಕೇಳಿ ಒಪ್ಪಿಸಿ, ಆಮೇಲೆ ಅವನಿಗೆ ಹೇಳಿ.

ದುಡ್ಡಿನ ವಿಷಯ ಎತ್ತಬೇಡಿ. ಆದರೆ ಕಂಪನಿಯ ಗುಂಪು ಆರೋಗ್ಯ ವಿಮೆ ಸಾಮಾನ್ಯವಾಗಿ ಕೆಲಸದ ಕೊನೆಯ ದಿನಕ್ಕೇ ಮುಗಿಯುತ್ತದೆ, ಅದರಲ್ಲಿ ಅಪ್ಪ–ಆಯಿಯ ಹೆಸರೂ ಇರಬಹುದು. ಅದೇ ವಿಮಾ ಕಂಪನಿಯಲ್ಲಿ ಸ್ವಂತ ಪಾಲಿಸಿಗೆ ಬದಲಾಯಿಸಿಕೊಡುವಂತೆ, ಕೊನೆಯ ದಿನಕ್ಕೆ ಮೊದಲೇ ಕೇಳಬಹುದು. ಒಪ್ಪಿದರೆ, ಮೊದಲೇ ಇದ್ದ ಕಾಯಿಲೆಗಳಿಗೆ ವಿಮೆ ಸಿಗಲು ಕಾಯುವ ಅವಧಿ ಮತ್ತೆ ಮೊದಲಿನಿಂದ ಶುರುವಾಗುವುದು ತಪ್ಪೀತು. ಇದು ಎಷ್ಟೋ ಜನರಿಗೆ ಆಸ್ಪತ್ರೆಯ ಕೌಂಟರಿನಲ್ಲಿ ನಿಂತಾಗಲೇ ಗೊತ್ತಾಗುವುದು. ಅವನ ಕೊನೆಯ ದಿನ ಇನ್ನೂ ಬಂದಿಲ್ಲದಿದ್ದರೆ ಈ ಒಂದು ವಿಷಯ ಇವತ್ತೇ ತಿಳಿಸಿ. ಉಳಿದದ್ದು ನಾಳೆಯಾದರೂ ನಡೆಯುತ್ತದೆ.

ಅವನು ಬರೀ ಕೈಮುಗಿದ ಚಿತ್ರವೊಂದನ್ನು ಕಳಿಸಿ ಸುಮ್ಮನಾದರೆ ‘ಈಗ ಬೇಡ’ ಎಂದರ್ಥ. ಮರುದಿನ ‘ರೆಸ್ಯೂಮೆ ಎಲ್ಲಿ?’ ಎಂದು ಕೇಳಬೇಡಿ. ಸಂದೇಶಗಳ ಮಳೆ ಮೊದಲ ವಾರದ್ದು, ಮೂರನೆಯ ವಾರಕ್ಕೆ ಫೋನ್ ತಣ್ಣಗಾಗಿರುತ್ತದೆ. ಸುಮಾರು ಇಪ್ಪತ್ತು ದಿನ ಬಿಟ್ಟು ಇನ್ನೊಮ್ಮೆ ಬರೆಯಿರಿ: ‘ಊರಿಂದ ಮಾಡುವ ಹುದ್ದೆ ಇನ್ನೂ ಖಾಲಿ ಇದೆ’ ಅಥವಾ ‘ಅದು ಭರ್ತಿಯಾಯಿತು, ಬೇರೆ ಬಂದರೆ ಹೇಳುತ್ತೇನೆ’, ಎರಡರಲ್ಲಿ ಯಾವುದು ನಿಜವೋ ಅದು. ಅವನ ಹೆಂಡತಿಗೋ ಅಣ್ಣನಿಗೋ ಫೋನ್ ಮಾಡಿ ‘ಹೆಂಗಿದ್ದಾನೆ?’ ಎಂದು ವಿಚಾರಿಸುವುದು ಬೇಡ. ಮನೆಯಲ್ಲಿ ಅವನು ಎಷ್ಟು ಹೇಳಿದ್ದಾನೋ ನಿಮಗೆ ಗೊತ್ತಿಲ್ಲ.