ಬ್ಲರ್ ಮಾತಾಡುವವರ ಮುಖಕ್ಕೆ ಜಾರಿದರೆ

"ಖಡೇಬಜಾರಿನಲ್ಲಿ ಶೂಟ್ ಮಾಡಿದ್ದು. ಹಿಂದೆ ಹೋಗುವವರ ಮುಖಕ್ಕೆ ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ನಲ್ಲಿ ಬ್ಲರ್ ಹಾಕಿದರೆ, ಅದು ಮಾತಾಡುವ ಅಂಗಡಿಯವರ ಮುಖಕ್ಕೇ ಬಂದು ಅಂಟಿಕೊಳ್ಳುತ್ತೆ. ಏನು ಮಾಡಲಿ?"

ಹಿಂದಿನವರು ಅಂಗಡಿಯವರ ಮರೆಗೆ ಹೋದಾಗ ಟ್ರ್ಯಾಕರ್ ಇವರ ಮುಖವನ್ನೇ ಹಿಡಿದಿರಬೇಕು. ಮರೆಯಾಗುವ ಫ್ರೇಮಿಗೆ ಸ್ವಲ್ಪ ಮೊದಲೇ ಟ್ರ್ಯಾಕಿಂಗ್ ನಿಲ್ಲಿಸಿ. ಆಮೇಲೆ ಟ್ರ್ಯಾಕರ್‌ನಲ್ಲಿ Clip ಬದಲು Frame ಆರಿಸಿ, ಐದಾರು ಫ್ರೇಮಿಗೊಮ್ಮೆ ಬ್ಲರ್ ಇರುವ ವಿಂಡೋದ ವೃತ್ತವನ್ನು ಕೈಯಿಂದಲೇ ಸರಿಸಿ. ಕೀಫ್ರೇಮ್ ತಾನೇ ಬೀಳುತ್ತೆ. ಆ ಕಡೆಯಿಂದ ಮುಖ ಹೊರಬಂದ ಮೇಲೆ ಮತ್ತೆ ಟ್ರ್ಯಾಕ್ ಮಾಡಿ.

ಇಷ್ಟಾದರೂ ವೃತ್ತದ ಅಂಚು ಅಂಗಡಿಯವರ ಕಿವಿ, ಕೆನ್ನೆಗೆ ತಾಗುತ್ತೆ. ಅದೇ ನೋಡ್‌ನಲ್ಲಿ ಅವರ ತಲೆ, ಹೆಗಲಿಗೆ ಇನ್ನೊಂದು ವಿಂಡೋ ಹಾಕಿ, ಮಾಸ್ಕ್ ಗುಂಡಿಯಿಂದ ಅದನ್ನು 'ಕಳೆಯುವ' ವಿಂಡೋ ಮಾಡಿ, ಬೇರೆಯಾಗಿ ಟ್ರ್ಯಾಕ್ ಮಾಡಿ. ಆದರೆ ಯಾರಾದರೂ ಕ್ಯಾಮೆರಾಕ್ಕೂ ಅವರಿಗೂ ನಡುವೆ ದಾಟಿದರೆ ಈ ವಿಂಡೋ ಆ ಮುಖವನ್ನೂ ತೆರೆದುಬಿಡುತ್ತೆ. ಅಂಥವರ ಬ್ಲರ್‌ಗೆ ಮುಂದಿನ ನೋಡ್ ಬಳಸಿ.

ಎಕ್ಸ್‌ಪೋರ್ಟ್ ಆದ ಫೈಲನ್ನು ಫ್ರೇಮ್ ಫ್ರೇಮಾಗಿ ನೋಡಿ. ಮುಖ ಚೌಕಟ್ಟಿನೊಳಗೆ ಬರುವ ಮೊದಲ ಫ್ರೇಮಿನಲ್ಲೇ ಬ್ಲರ್ ತಪ್ಪಿರೋದು ಜಾಸ್ತಿ.